ಟ್ಯಾಂಕರ್ ನೀರು ಬಂದಾಗ ಡೋಸ್ ಬದಲಿಸಲಿಲ್ಲ, 30 ಲೆಟ್ಯೂಸ್ ಹೋದವು

ಪುಣೆ ಕಡೆ ಬಾಲ್ಕನಿಯಲ್ಲಿ ಹೈಡ್ರೋಪೋನಿಕ್ಸ್ ಮಾಡುವವರು ಬೇಸಿಗೆಗೆ ಮೊದಲು ಇದನ್ನು ದಯವಿಟ್ಟು ಓದಿ. ಏಪ್ರಿಲ್‌ನಲ್ಲಿ ನನ್ನ 36 ಲೆಟ್ಯೂಸ್ ಗಿಡಗಳಲ್ಲಿ 30 ಹೋದವು. ಹುಳು ಬಂದಿರಲಿಲ್ಲ, ರೋಗವೂ ಇರಲಿಲ್ಲ. ನೀರು ಬದಲಾಗಿತ್ತು, ನಾನು ಗಮನಿಸಿರಲಿಲ್ಲ.

ನಮ್ಮ ಮನೆ ವಾಕಡ್‌ನಲ್ಲಿ. ಇಲ್ಲಿಗೆ ಬರುವುದು ಪವನಾ ನದಿಯ ಕಾರ್ಪೊರೇಷನ್ ನೀರು. ಮೆದು ನೀರು, ಇಸಿ ಬರೀ 0.2 ಇರುತ್ತಿತ್ತು. ಇಸಿ ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ವಿದ್ಯುತ್ ಹರಿಸಿ ಅಳೆಯುವುದು. 40 ಲೀಟರ್ ಟಬ್ಬಿಗೆ ಎ ಮತ್ತು ಬಿ ಎಂಬ ಎರಡು ಗೊಬ್ಬರದ ಬಾಟಲಿಯಿಂದ ತಲಾ 100 ಮಿಲಿ ಹಾಕಿದರೆ ಇಸಿ 1.4ಕ್ಕೆ ಬರುತ್ತಿತ್ತು. ಪಿಎಚ್ 6ರ ಆಸುಪಾಸು. ಲೆಟ್ಯೂಸ್‌ಗೆ ಇದು ಸರಿಯಾದ ಅಳತೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಹಾಗಾಗಿ ಇಸಿ, ಪಿಎಚ್ ನೋಡುವ ಪೆನ್ ಮೀಟರಿನಲ್ಲಿ ಅಳೆಯುವುದನ್ನೇ ಬಿಟ್ಟೆ, ಅಳತೆ ಲೋಟ ಒಂದೇ ಸಾಕು ಅನ್ನಿಸಿತು.

ಏಪ್ರಿಲ್‌ನಲ್ಲಿ ಸೊಸೈಟಿಗೆ ಟ್ಯಾಂಕರ್ ಶುರುವಾಯಿತು. ಅದು ಬೋರ್‌ವೆಲ್ ನೀರು. ನಾನು ಎಂದಿನಂತೆ ತಲಾ 100 ಮಿಲಿ ಹಾಕಿದೆ. ಹತ್ತೇ ದಿನಕ್ಕೆ ಹೊಸ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿದ್ದವು. ಗೊಬ್ಬರ ತಂದ ಅಂಗಡಿಗೆ ಫೋನ್ ಮಾಡಿದೆ. "ಪೋಷಕಾಂಶ ಸಾಲುತ್ತಿಲ್ಲ, ಡೋಸ್ ಹೆಚ್ಚಿಸಿ" ಎಂದರು. ಎರಡರಿಂದಲೂ ಇನ್ನೂ 50 ಮಿಲಿ ಸುರಿದೆ. ನಾಲ್ಕೇ ದಿನದಲ್ಲಿ ಎಲೆಯ ಅಂಚು ಸುಟ್ಟು ಕಂದಾಯಿತು, ಮಧ್ಯಾಹ್ನ ಬೇರು ನೀರಿನಲ್ಲಿದ್ದರೂ ಗಿಡ ಬಾಡತೊಡಗಿತು.

ಪಕ್ಕದ ವಿಂಗ್‌ನಲ್ಲಿ ಬೆಳಗಾವಿಯ ಕಾಕಾ ಇದ್ದಾರೆ, ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನೋಡಲು ಬಂದವರು ಮೊದಲು ಕೇಳಿದ್ದು, "ಗೊಬ್ಬರದ್ದು ಆಮ್ಯಾಲೆ ನೋಡೂಣು ತಂಗಿ. ಬರೇ ನೀರು ಅಳದು ನೋಡೀಯೇನು?" ಅಳೆದಿರಲಿಲ್ಲ. ಆಗಲೇ ನಳದ ನೀರಿಗೆ ಪೆನ್ ಅದ್ದಿದೆವು. ಇಸಿ 0.9, ಪಿಎಚ್ 7.9. ಟಬ್ಬಿನಲ್ಲಿ ಇಸಿ 3.3, ಪಿಎಚ್ 7.4.

ಕಾಕಾ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ನೀರಿನದ್ದೇ 0.9, ಮೊದಲ ಡೋಸಿನದು 1.2, ಹೆಚ್ಚಿಗೆ ಹಾಕಿದ್ದು 0.6. ಅಲ್ಲಿಗೇ 2.7. ಆ ಬಿಸಿಲಲ್ಲಿ ಗಿಡ ಲವಣಕ್ಕಿಂತ ನೀರನ್ನೇ ಜಾಸ್ತಿ ಕುಡಿಯುತ್ತದೆ. ಟಬ್ 30 ಲೀಟರಿಗೆ ಇಳಿದಿತ್ತು, ಉಳಿದ ನೀರು ಇನ್ನಷ್ಟು ಗಟ್ಟಿಯಾಗಿತ್ತು. ಹೊರಗಡೆ ಲವಣ ಅಷ್ಟಿದ್ದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಬಾಡಿದ್ದು ಅದಕ್ಕೇ.

ಹಾಗಾದರೆ ಮೊದಲ ಹಳದಿ ಯಾಕೆ? ಅದು ಗೊಬ್ಬರ ಕಮ್ಮಿಯಾಗಿ ಬಂದದ್ದಲ್ಲ. ಸಾರಜನಕ ಸಾಲದಿದ್ದರೆ ಮೊದಲು ಹಳೆಯ ಎಲೆ ಹಳದಿಯಾಗುತ್ತದೆ. ಹೊಸ ಎಲೆಯಲ್ಲಿ ನರದ ನಡುವೆ ಹಳದಿ ಕಂಡರೆ ಕಬ್ಬಿಣ ಸಿಗುತ್ತಿಲ್ಲ ಅಂತ ಅನುಮಾನಿಸಬೇಕು. ಅನೇಕ ಬಾಟಲಿಗಳಲ್ಲಿ ಕಬ್ಬಿಣವನ್ನು ಕರಗಿದಂತೆಯೇ ಹಿಡಿದಿಡಲು ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ, ನನ್ನದರಲ್ಲೂ ಅದೇ ಇತ್ತು. ಪಿಎಚ್ 6.5 ದಾಟಿದರೆ ಅದರ ಹಿಡಿತ ಸಡಿಲವಾಗುತ್ತದೆ. ಕಬ್ಬಿಣ ಟಬ್ಬಿನಲ್ಲೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಂಗಡಿಯವರು ಪಿಎಚ್ ಎಷ್ಟು ಅಂತ ಒಂದು ಮಾತು ಕೇಳಿದ್ದರೆ ಆ 50 ಮಿಲಿ ನಾನು ಹಾಕುತ್ತಿರಲಿಲ್ಲ. ಇದು ನನಗೆ ಈಗಲೂ ಬೇಸರ.

ಪಿಎಚ್ ಇಳಿಸಲು ಫಾಸ್ಫಾರಿಕ್ ಆಸಿಡ್ ಹಾಕಿ 5.8ಕ್ಕೆ ತಂದೆವು. ಬೆಳಿಗ್ಗೆ ನೋಡಿದರೆ ಮತ್ತೆ 6.9. ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಆಸಿಡ್ಡನ್ನು ನುಂಗುತ್ತದೆ, ಅದು ಖರ್ಚಾಗುವವರೆಗೆ ಪಿಎಚ್ ಮೇಲೇರುತ್ತಲೇ ಇರುತ್ತದೆ. ನಿಮ್ಮ ನೀರು ಹೀಗಿದೆಯಾ ಅಂತ ತಿಳಿಯಲು ಒಂದು ಬಕೆಟ್ ಬರೀ ನೀರಿಗೆ ಆಸಿಡ್ ಹಾಕಿ 5.8ಕ್ಕೆ ತನ್ನಿ. ಗಾಳಿ ಪಂಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಏರಿದ್ದರೆ ಇನ್ನಷ್ಟು ಹಾಕಿ, ನಿಲ್ಲುವವರೆಗೂ ಹೀಗೇ ಮಾಡಿ. ಗೊಬ್ಬರ ಹಾಕುವುದು ಆಮೇಲೆ. ಕೈಗವಸು ಬೇಕೇ ಬೇಕು.

ಈಗ ನಾನು ಮೂರು ಪಾಲು ಆರ್‌ಓ ನೀರಿಗೆ ಒಂದು ಪಾಲು ಟ್ಯಾಂಕರ್ ನೀರು ಬೆರೆಸುತ್ತೇನೆ. ಇಸಿ 0.3ರ ಒಳಗೇ ಇರುತ್ತದೆ. ಆರ್‌ಓ ಹೊರಬಿಡುವ ವೇಸ್ಟ್ ನೀರನ್ನು ಮಾತ್ರ ಟಬ್ಬಿಗೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಜಾಸ್ತಿ. ಸೊಸೈಟಿಯ ಸಾಫ್ಟ್‌ನರ್ ನಂಬಬೇಡಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಇಸಿ ಇಳಿಯುವುದಿಲ್ಲ. ದಿನಾ ಟಬ್ ತುಂಬಿಸುವ ಮೊದಲು ಇಸಿ ನೋಡುತ್ತೇನೆ. ಏರಿದ್ದರೆ ಬರೀ ನೀರು, ಇಳಿದಿದ್ದರೆ ಮಾತ್ರ ಗೊಬ್ಬರ.

ಉಳಿದ ಆರು ಗಿಡಗಳಿಗೆ ಟಬ್ ಪೂರ್ತಿ ಖಾಲಿ ಮಾಡಿ, ಇಸಿ 1.0ರ ಹೊಸ ನೀರು ಕೊಟ್ಟೆ. ಸುಟ್ಟ ಅಂಚು ಸರಿಹೋಗಲಿಲ್ಲ. ಆದರೆ ಒಂದು ವಾರಕ್ಕೆ ಬಂದ ಹೊಸ ಎಲೆಗಳು ಹಸಿರಾಗಿಯೇ ಬಂದವು.