ಹದಿನಾರು ತಿಂಗಳು ನೋಡಿದ ರಿಟೆನ್ಷನ್ ಹೀಟ್‌ಮ್ಯಾಪ್, ಮತ್ತು ಬೆಳಗಿನ ಐದೂವರೆ

ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ನಾನೂ ನನ್ನ ಗೆಳೆಯನೂ ಒಂದು ಸಣ್ಣ ಆಪ್ ನಡೆಸುತ್ತೇವೆ. ದಿನಾ ಬೆಳಗಿನ ಜಾವ ಐದಕ್ಕೆ ಹತ್ತು ಪ್ರಶ್ನೆ ಬರುತ್ತವೆ, ಅಷ್ಟೇ. ಸೇರಿದವರಲ್ಲಿ ಎಷ್ಟು ಜನ ಮರಳಿ ಬರುತ್ತಾರೆ ಎಂದು ತಿಳಿಯಲು ಮೊದಲು ಒಂದು ಪರದೇಶದ ಸೇವೆಗೆ ತಿಂಗಳ ಬಾಡಿಗೆ ಕಟ್ಟುತ್ತಿದ್ದೆವು. ಡಾಲರಿನ ಲೆಕ್ಕ ನಮ್ಮ ಜೇಬಿಗೆ ಹೊಂದಲಿಲ್ಲ, ಬಿಟ್ಟೆವು. ನಮ್ಮದೇ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಯಾರು ಯಾವಾಗ ಸೇರಿದರು ಎಂಬ ಟೇಬಲ್ ಒಂದು, ಯಾರು ಯಾವಾಗ ಪ್ರಶ್ನೆ ತೆರೆದರು ಎಂಬ ಟೇಬಲ್ ಇನ್ನೊಂದು ಇದ್ದೇ ಇದ್ದವು. ಎರಡನ್ನೂ ಜೋಡಿಸುವ ಒಂದು ಕ್ವೆರಿ ಬರೆದು, ಬಂದ ಉತ್ತರವನ್ನು ಗೂಗಲ್ ಶೀಟ್ಸಿಗೆ ಹಾಕಿ, ಶೇಕಡಾ ಹೆಚ್ಚಿದಷ್ಟೂ ಹಸಿರು ಗಾಢವಾಗುವಂತೆ ಬಣ್ಣ ಕೊಟ್ಟೆವು. ಇದೇ ನಮ್ಮ ರಿಟೆನ್ಷನ್ ಹೀಟ್‌ಮ್ಯಾಪ್. ಖರ್ಚು ಎರಡು ಸಂಜೆ.

ದಿನಾ ಏಳು ಗಂಟೆಗೆ ಚಹಾ ಲೋಟ ಹಿಡಿದು ಆ ಶೀಟ್ ತೆರೆಯುವುದು ನನಗೆ ಪೇಪರ್ ಓದುವುದಕ್ಕಿಂತ ಮುಂಚಿನ ಕೆಲಸ. ಒಂದು ಸಾಲು ಎಂದರೆ ಒಂದೇ ದಿನ ಸೇರಿದವರ ಗುಂಪು. ಪುಸ್ತಕದಲ್ಲಿ ಕೊಹಾರ್ಟ್ ಅನ್ನುತ್ತಾರೆ, ನಾವು ಬ್ಯಾಚ್ ಅನ್ನುತ್ತೇವೆ. ಸೇರಿದ ದಿನ ಸೊನ್ನೆ, ಮರುದಿನ ಒಂದು, ಹೀಗೆ ಬಲಕ್ಕೆ ಮೂವತ್ತರವರೆಗೆ ಮನೆಗಳು. ಇನ್ನೂ ಬಾರದ ದಿನಗಳ ಮನೆ ಖಾಲಿ ಇರಬೇಕು, ಅಲ್ಲಿ ಸೊನ್ನೆ ಬೀಳಬಾರದು. ಇವತ್ತಿನ ಮನೆಯನ್ನೂ ನಾನು ಖಾಲಿಯೇ ಬಿಡುತ್ತೇನೆ, ಯಾಕೆಂದರೆ ದಿನ ಮುಗಿದಿಲ್ಲ. ಬೆಳಗ್ಗೆ ಏಳಕ್ಕೆ ನೋಡಿದರೆ ಎಲ್ಲ ಬ್ಯಾಚೂ ಕುಸಿದಂತೆ ಕಂಡು ಸುಮ್ಮನೆ ಎದೆ ಧಸಕ್ಕೆನ್ನುತ್ತದೆ.

ಈ ಶೀಟ್ ನನಗೆ ಕೊಟ್ಟ ದೊಡ್ಡ ಖುಷಿ ದುಗ್ಗಮ್ಮನ ಜಾತ್ರೆಯಲ್ಲಿ. ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಆಗುವ ಜಾತ್ರೆ, ಊರಿಗೆ ಊರೇ ಅಲ್ಲಿರುತ್ತದೆ. ಆ ವಾರ ಶೀಟಿನ ಮೇಲ್ಭಾಗದ ಬಲದಿಂದ ಕೆಳಗಿನ ಎಡಕ್ಕೆ ಓರೆಯಾಗಿ ಒಂದು ಬಿಳಿಚಿದ ಪಟ್ಟಿ ಇಳಿಯಿತು. ಹಳೆಯ ಬ್ಯಾಚಿಗೆ ಅದು ಇಪ್ಪತ್ತನೆಯ ದಿನ, ಹೊಸದಕ್ಕೆ ಮೂರನೆಯ ದಿನ, ಆದರೆ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಅದೇ ತಾರೀಖು. ಅಡ್ಡ ಸಾಲು ಪೂರ್ತಿ ಬಿಳಿಚಿದರೆ ತೊಂದರೆ ಆ ಬ್ಯಾಚಿನದು. ಲಂಬ ಸಾಲು ಬಿಳಿಚಿದರೆ, ಸೇರಿ ಅಷ್ಟು ದಿನವಾದವರಿಗೆ ಆಪಿನಲ್ಲಿ ಏನೋ ಬೇಸರ ಆಗುತ್ತಿದೆ. ಓರೆ ಪಟ್ಟಿ ಆದರೆ ಹೊರಗೆ ಏನೋ ನಡೆದಿದೆ. ಪಟ್ಟಿ ದಾಟಿ ಬಣ್ಣ ಮತ್ತೆ ಹಸಿರಾದಾಗ, ಹುಡುಗರು ಜಾತ್ರೆ ಮುಗಿಸಿ ಓದಿಗೆ ಕೂತರು ಎಂದು ಕಣ್ಣಾರೆ ನೋಡಿದಂತಾಯಿತು.

ಆದರೆ ಇದೇ ಶೀಟ್ ನನಗೆ ಹತ್ತು ತಿಂಗಳು ತಪ್ಪು ಹೇಳಿತ್ತು. ಈ ವಿಮರ್ಶೆ ಬರೆಯಲು ಕೂತಿದ್ದೇ ಅದಕ್ಕೆ.

ವಿದ್ಯಾನಗರದ ಕಡೆ ಚಹಾ ಅಂಗಡಿಯಲ್ಲಿ ಒಬ್ಬ ಹುಡುಗ ಸಿಕ್ಕು, "ಅಣ್ಣಾ, ನಾನು ಬೆಳಗ್ಗೆನೇ ಎದ್ದು ಮುಗ್ಸಿರ್ತೀನಿ. ಮತ್ಯಾಕೆ ಸಂಜೆ 'ಇವತ್ತಿನ ಪ್ರಶ್ನೆ ಬಾಕಿ ಇದೆ' ಅಂತ ದಿನಾ ಮೆಸೇಜ್ ಹಾಕ್ತೀರಿ?" ಎಂದು ಕೇಳಿದ. ಆ ಮೆಸೇಜೂ ಹೀಟ್‌ಮ್ಯಾಪಿನ ಲೆಕ್ಕದಿಂದಲೇ ಹೋಗುತ್ತಿತ್ತು. ಮನೆಗೆ ಬಂದು ಅವನ ಸಾಲುಗಳನ್ನು ಒಂದೊಂದಾಗಿ ತೆಗೆದೆ. ಮಂಗಳವಾರ ರಾತ್ರಿ 8:40ಕ್ಕೆ ಸೇರಿದ್ದಾನೆ, ಡೇಟಾಬೇಸಿನಲ್ಲಿ ಮಂಗಳವಾರ 15:10. ಬುಧವಾರ ಬೆಳಗ್ಗೆ 5:08ಕ್ಕೆ ಪ್ರಶ್ನೆ ತೆರೆದಿದ್ದಾನೆ, ಡೇಟಾಬೇಸಿನಲ್ಲಿ ಮಂಗಳವಾರ 23:38. ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮ ಶೀಟಿನಲ್ಲಿ ದಿನ ಬದಲಾಗುತ್ತಿದ್ದುದು ನಡುರಾತ್ರಿಗಲ್ಲ, ಬೆಳಗಿನ ಐದೂವರೆಗೆ. ನಮ್ಮ ಹುಡುಗರೋ ಐದಕ್ಕೆ ಎದ್ದು ಐದೂಕಾಲಿಗೆ ಮುಗಿಸುವವರು.

ಆ ಮಂಗಳವಾರ ಓದುವ ಕೊಠಡಿಯೊಂದಕ್ಕೆ ನಾವೇ ಹೋಗಿ 25 ಜನರನ್ನು ಸೇರಿಸಿದ್ದೆವು. ಒಂದನೆಯ ದಿನದ ಮನೆಯಲ್ಲಿ 6 ಜನ, ಶೇಕಡಾ 24. ನಿಜದಲ್ಲಿ ಬುಧವಾರ ಬಂದವರು 13, ಶೇಕಡಾ 52. ಬುಧವಾರದ ಹಾಜರಿ ಸೇರಿದ ದಿನದ ಮನೆಯೊಳಗೆ ಮುಚ್ಚಿಹೋಗಿತ್ತು, ಒಂದನೆಯ ದಿನ ಎಂದು ನಾವು ನೋಡಿದ್ದು ಬಹುಪಾಲು ಗುರುವಾರ ಬೆಳಗಿನ ಹಾಜರಿ. ಇನ್ನೊಂದು ಕಡೆ ಇದಕ್ಕೆ ತದ್ವಿರುದ್ಧ. ಒಂದು ಹಾಸ್ಟೆಲಿನಲ್ಲಿ ಬೆಳಗ್ಗೆ 5:10ಕ್ಕೆ 20 ಜನ ಸೇರಿದರು, ಶೀಟ್ ಮರುದಿನಕ್ಕೆ 12 ಎಂದಿತು. ಅದರಲ್ಲಿ 5 ಜನ ಮರುದಿನ ಬರಲೇ ಇಲ್ಲ, ಅದೇ ಬೆಳಗ್ಗೆ ಐದೂವರೆ ದಾಟಿಯೂ ಆಪ್ ನೋಡುತ್ತಿದ್ದರು ಅಷ್ಟೇ. ನಿಜ ಸಂಖ್ಯೆ 7, ಶೇಕಡಾ 35.

ಇದನ್ನು ನಂಬಿ ಮಾಡಿದ ಕೆಲಸ ನೆನೆದರೆ ಹೊಟ್ಟೆ ಉರಿಯುತ್ತದೆ. ಸಂಜೆಯ ಓದುವ ಕೊಠಡಿಗಳಿಂದ ಬಂದವರು ನಿಲ್ಲುವುದಿಲ್ಲ, ಬೆಳಗ್ಗೆ ಸೇರಿದವರೇ ಗಟ್ಟಿ ಎಂದು ತೀರ್ಮಾನಿಸಿ, ಕೊಠಡಿಗಳಿಗೆ ಹೋಗುವುದನ್ನೇ ಬಿಟ್ಟಿದ್ದೆವು. ನಮ್ಮನ್ನು ಕರೆದು ಕುರ್ಚಿ ಹಾಕಿ ಕೂರಿಸಿದ ಜನ ಅವರು.

ಸರಿಪಡಿಸುವಾಗ ಮೊದಲ ಸಲ ಇನ್ನೂ ಕೆಡಿಸಿದೆ. ನಮ್ಮ ಕಾಲಂ `timestamp` ಮಾದರಿಯದು, ಅದರಲ್ಲಿ ಸಮಯ ವಲಯದ ಗುರುತು ಇಲ್ಲ. ಅದಕ್ಕೆ ನೇರವಾಗಿ `AT TIME ZONE 'Asia/Kolkata'` ಹಚ್ಚಿದರೆ, ಒಳಗಿರುವುದೇ ಭಾರತದ ಸಮಯ ಎಂದು ಪೋಸ್ಟ್‌ಗ್ರೆಸ್ ತಿಳಿದು, ಸಮಯವನ್ನು ಮುಂದಕ್ಕೆ ತರುವ ಬದಲು ಇನ್ನೂ ಐದೂವರೆ ಗಂಟೆ ಹಿಂದಕ್ಕೆ ಒಯ್ಯಿತು. ಇದು ಯುಟಿಸಿ ಎಂದು ಮೊದಲು ಹೇಳಿ, ಆಮೇಲೆ ನಮ್ಮ ಸಮಯ ಕೇಳಬೇಕು:

```sql
(occurred_at AT TIME ZONE 'UTC'
             AT TIME ZONE 'Asia/Kolkata')::date
```

ಸೇರಿದ ಸಮಯಕ್ಕೂ ಇದನ್ನೇ ಹಾಕಬೇಕು, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಹೊಸ ತಪ್ಪು ಹುಟ್ಟುತ್ತದೆ. ನಿಮ್ಮ ಕಾಲಂ `timestamptz` ಆಗಿದ್ದರೆ ಎರಡನೆಯ ತುಂಡು ಒಂದೇ ಸಾಕು. ನಿಮ್ಮಲ್ಲೂ ಈ ರೋಗ ಇದೆಯೇ ಎಂದು ನೋಡಲು ಬಣ್ಣದ ಶೀಟ್ ಸಾಲದು. ಚಟುವಟಿಕೆಯನ್ನು ಗಂಟೆವಾರು ಎಣಿಸಿ. ನಮ್ಮಲ್ಲಿ ಅತಿ ಹೆಚ್ಚು ಜನ ರಾತ್ರಿ 23ರ ಗಂಟೆಯಲ್ಲಿ ಕಂಡರು. ದಾವಣಗೆರೆಯಲ್ಲಿ ಅಷ್ಟೊತ್ತಿಗೆ ಯಾರು ಪ್ರಶ್ನೆ ಬಿಡಿಸುತ್ತಾರೆ? ಆಮೇಲೆ ನಿಮಗೆ ಮುಖ ಗೊತ್ತಿರುವ ಐದು ಜನರನ್ನು ಆರಿಸಿ, ಅವರ ಸಾಲುಗಳನ್ನು ಕಾಗದದ ಮೇಲೆ ಬರೆದು ದಿನ ಎಣಿಸಿ.

ಇನ್ನೊಂದು ಕಿರಿಕಿರಿ ಇದ್ದೇ ಇದೆ. ಮೂರೇ ಜನ ಸೇರಿದ ದಿನ ಇಬ್ಬರು ಮರಳಿ ಬಂದರೆ ಶೇಕಡಾ 67 ಎಂದು ಗಾಢ ಹಸಿರು ಹೊಳೆದು, 25 ಜನರ ಸಾಲನ್ನು ಮಂಕಾಗಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರ ಸಾಲುಗಳನ್ನು ಈಗ ಬೂದು ಬಣ್ಣಕ್ಕೆ ಇಟ್ಟಿದ್ದೇನೆ. ಪ್ರತಿ ಸಾಲಿನ ಎಡಕ್ಕೆ ತಲೆ ಎಣಿಕೆಯನ್ನು ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದೇನೆ.

ಸಿಟ್ಟು ಇಳಿದಿದೆ. ಶೀಟ್ ಬಿಟ್ಟಿಲ್ಲ, ಬಾಡಿಗೆಯ ಸೇವೆಗೆ ಮರಳುವ ಯೋಚನೆಯೂ ಇಲ್ಲ. ಅದರಲ್ಲಾಗಿದ್ದರೆ ಆ ಹುಡುಗನ 23:38 ನನ್ನ ಕೈಗೆ ಸಿಗುತ್ತಿತ್ತೋ ಇಲ್ಲವೋ. ಕಳೆದ ಗುರುವಾರ ಸಂಜೆ ಅದೇ ಓದುವ ಕೊಠಡಿಗೆ ಮತ್ತೆ ಹೋದೆವು, 18 ಜನ ಸೇರಿದರು. ಶನಿವಾರ ಬೆಳಗ್ಗೆ ಚಹಾ ಹಿಡಿದು ಶೀಟ್ ತೆರೆದಾಗ ಆ ಸಾಲಿನ ಒಂದನೆಯ ಮನೆಯಲ್ಲಿ 10 ಇತ್ತು.