188ಕ್ಕೆ ಸೋತ ಆಟ: ಬೌಲಿಂಗ್ ಸ್ಕೋರನ್ನು ಮೂರು ರೀತಿ ಲೆಕ್ಕ ಹಾಕಿ ನೋಡಿದೆ

ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಆಟ. ಎದುರಾಳಿ 190ಕ್ಕೆ ಆಟ ಮುಗಿಸಿ ಕೂತಿದ್ದರು. ನನಗೆ ಹತ್ತನೇ ಫ್ರೇಮ್, ಅಂದರೆ ಕೊನೆಯ ಸುತ್ತು ಮಾತ್ರ ಉಳಿದಿತ್ತು. ಮೊದಲ ಎಸೆತಕ್ಕೆ ಸ್ಟ್ರೈಕ್, ಎರಡನೆಯದಕ್ಕೆ 7 ಪಿನ್, ಮೂರನೆಯದಕ್ಕೆ ಉಳಿದ 3. ಒಂದು ಪಿನ್ನೂ ನಿಂತಿರಲಿಲ್ಲ, ಆದರೂ ಪರದೆಯಲ್ಲಿ 188 ಬಂತು. ಕೊನೆಯ 3 ಪಿನ್‌ಗೆ ಗುರಿ ಇಡುವಾಗ ಗೆಲ್ಲುವ ದಾರಿ ಇನ್ನೂ ಇದೆ ಅಂತಲೇ ನಂಬಿದ್ದೆ. ಇರಲಿಲ್ಲ. 7 ಬಿದ್ದ ಕ್ಷಣವೇ ಆಟ ಕೈಬಿಟ್ಟಿತ್ತು, ಅದು ನನಗೆ ಗೊತ್ತಾಗಲಿಲ್ಲ.

ಯಂತ್ರವೇ ಲೆಕ್ಕ ಹಾಕುತ್ತೆ ಅಂತ ನಾವು ಇದನ್ನೆಲ್ಲ ಕಲಿಯೋದೇ ಇಲ್ಲ, ಅಲ್ವಾ? ಆ ಆಟದ ನಂತರ ನಾನು ಕಾಗದದ ಮೇಲೆ ಸ್ಕೋರ್ ಬರೆಯೋಕೆ ಶುರು ಮಾಡಿದೆ. ಎರಡು ರೀತಿಯಲ್ಲಿ ಬರೆದು ನೋಡಿದೆ, ಆಮೇಲೆ ಬೇರೆಯದೇ ನಿಯಮ ಇರುವ ಮೂರನೆಯದನ್ನೂ ಪ್ರಯತ್ನಿಸಿದೆ. ಹೋಲಿಕೆಗೆ ಅದೇ ಆಟವನ್ನು ಇಲ್ಲಿ ಇಡುತ್ತೇನೆ. ಮೇಲಿನ ಸಾಲು ನನ್ನದು, ಕೆಳಗಿನದು ಎದುರಾಳಿಯದು. X ಅಂದರೆ ಸ್ಟ್ರೈಕ್, ಒಂದೇ ಎಸೆತಕ್ಕೆ ಹತ್ತೂ ಪಿನ್ ಬಿದ್ದವು; / ಅಂದರೆ ಸ್ಪೇರ್, ಉಳಿದ ಪಿನ್ ಎಲ್ಲ ಎರಡನೇ ಎಸೆತಕ್ಕೆ ಬಿದ್ದವು; - ಅಂದರೆ ಆ ಎಸೆತಕ್ಕೆ ಏನೂ ಬೀಳಲಿಲ್ಲ.

```
7/ 81 X X 9/ 63 X 8/ X X7/
X X X X X 9- 81 9/ 72 8-
```

ಮೊದಲನೆಯದು ಎಲ್ಲರೂ ಹೇಳಿಕೊಡುವ ರೀತಿ: ಫ್ರೇಮನ್ನು ಖಾಲಿ ಬಿಟ್ಟು ಕಾಯೋದು. ಸ್ಪೇರ್ ಆದರೆ 10ಕ್ಕೆ ಮುಂದಿನ ಒಂದು ಎಸೆತ ಸೇರುತ್ತೆ, ಸ್ಟ್ರೈಕ್ ಆದರೆ ಮುಂದಿನ ಎರಡು ಎಸೆತ. ಅವು ಬೀಳುವ ತನಕ ಆ ಚೌಕದಲ್ಲಿ ಏನೂ ಬರೆಯುವ ಹಾಗಿಲ್ಲ. ನನ್ನ ಮೊದಲ ಫ್ರೇಮ್ ಸ್ಪೇರ್, ಮುಂದಿನ ಎಸೆತ 8, ಹಾಗಾಗಿ 18. ಎರಡನೆಯದರಲ್ಲಿ 9 ಪಿನ್ ಬಿದ್ದವು, ಒಟ್ಟು 27. ಮೂರು ಮತ್ತು ನಾಲ್ಕು ಎರಡೂ ಸ್ಟ್ರೈಕ್, ಹಾಗಾಗಿ ಐದನೇ ಫ್ರೇಮಿನ ಮೊದಲ ಎಸೆತ ಬೀಳುವ ತನಕ ಕಾಗದದಲ್ಲಿ 27 ಅಂತಲೇ ಇರುತ್ತೆ. ಅಲ್ಲಿ 9 ಬಿದ್ದ ಮೇಲೆ ಮೂರನೇ ಫ್ರೇಮಿಗೆ 10, 10, 9 ಸೇರಿ 29. ನಾಲ್ಕನೆಯದಕ್ಕೆ 10, 9, 1 ಸೇರಿ 20. ಹೀಗೆ ಹೋಗ್ತಾ ಹೋಗ್ತಾ ಎಂಟನೇ ಫ್ರೇಮಿಗೆ 141 ಆಯಿತು.

ಇಲ್ಲಿ ಹೆಚ್ಚು ಜನ ಎಡವುವುದು ಒಂಬತ್ತನೇ ಫ್ರೇಮಿನಲ್ಲಿ. ಅಲ್ಲಿ ನನಗೆ ಸ್ಟ್ರೈಕ್ ಇದೆ, ಹತ್ತನೆಯದರಲ್ಲಿ ಮೂರು ಎಸೆತ ಇವೆ. ಮೂರನ್ನೂ ಒಂಬತ್ತಕ್ಕೆ ಸೇರಿಸಿಬಿಟ್ಟರೆ 30 ಬರುತ್ತೆ, ಒಟ್ಟು 191 ಆಗಿ ನಾನು ಗೆದ್ದ ಹಾಗೆ ಕಾಣುತ್ತೆ! ಅದು ತಪ್ಪು. ಸ್ಟ್ರೈಕಿಗೆ ಸಿಗುವುದು ಮುಂದಿನ ಎರಡು ಎಸೆತ, ಮುಂದಿನ ಫ್ರೇಮ್ ಅಲ್ಲ. 10, 10, 7 ಸೇರಿ 27, ಒಟ್ಟು 168. ಹತ್ತನೆಯದರಲ್ಲಿ ಬಿದ್ದ ಪಿನ್‌ಗಳನ್ನು ಸುಮ್ನೆ ಕೂಡಿದರೆ ಸಾಕು: 10, 7, 3 ಸೇರಿ 20. ಒಟ್ಟು 188.

ಈ ರೀತಿಯಲ್ಲಿ ಹತ್ತನೇ ಫ್ರೇಮ್ ತುಂಬ ಸುಲಭ. ಅದು ನನಗೆ ಇಷ್ಟವಾಯಿತು. ಕೊನೆಯ ಎರಡು ಎಸೆತ ಇರುವುದೇ ಹತ್ತನೇ ಸ್ಟ್ರೈಕಿಗೆ ಸಲ್ಲಬೇಕಾದ ಬೋನಸ್ಸಿಗಾಗಿ. ಸ್ಟ್ರೈಕ್ ಬಿದ್ದ ಮೇಲೆ ಹತ್ತೂ ಪಿನ್ ಮತ್ತೆ ನಿಲ್ಲುತ್ತವೆ, ಅದರಲ್ಲಿ 7 ಬಿದ್ದರೆ ಕೊನೆಯ ಎಸೆತ ಉಳಿದ 3ಕ್ಕೆ. ಪರದೆಯಲ್ಲಿ 7 ಆದಮೇಲೆ / ಕಂಡರೂ ಅದಕ್ಕೆ ಬೋನಸ್ ಇಲ್ಲ. ಹತ್ತನೆಯದರಲ್ಲಿ ಸ್ಪೇರ್ ಮಾಡಿದ್ದರೆ ಒಂದೇ ಎಸೆತ ಜಾಸ್ತಿ ಸಿಗುತ್ತಿತ್ತು, ಹತ್ತೂ ಪಿನ್‌ಗೆ. ಎರಡೂ ಆಗದಿದ್ದರೆ ಎರಡು ಎಸೆತಕ್ಕೆ ಆಟ ಮುಗಿಯಿತು.

ಆದರೆ ಆಟ ನಡೆಯುವಾಗ ಈ ರೀತಿ ಏನನ್ನೂ ಹೇಳುವುದಿಲ್ಲ. ಮುಂದಿನ ಎಸೆತಕ್ಕೆ ಎಷ್ಟು ಬೆಲೆ ಅಂತ ಕೇಳಿದರೆ ಕಾಗದದಲ್ಲಿ ಉತ್ತರ ಇಲ್ಲ, ಖಾಲಿ ಚೌಕಗಳು ಮಾತ್ರ ಇವೆ. ಇದಕ್ಕಾಗಿಯೇ ಎರಡನೆಯದನ್ನು ಹಿಡಿದೆ.

ಎರಡನೆಯದಕ್ಕೆ ನಾನಿಟ್ಟ ಹೆಸರು ಬಾಕಿ ಲೆಕ್ಕ. ಇದರಲ್ಲಿ ಫ್ರೇಮನ್ನು ನೋಡುವುದಿಲ್ಲ, ಎಸೆತವನ್ನು ನೋಡುತ್ತೇವೆ. ಸ್ಟ್ರೈಕ್ ಬಿದ್ದರೆ ಎರಡು ಎಸೆತದ ಬಾಕಿ, ಸ್ಪೇರ್ ಆದರೆ ಒಂದು ಎಸೆತದ ಬಾಕಿ. ಪ್ರತಿ ಎಸೆತಕ್ಕೂ ತನ್ನದೇ ಆದ 1 ಇರುತ್ತೆ, ಅದರ ಮೇಲೆ ಎಷ್ಟು ಬಾಕಿ ಕಾಯುತ್ತಿವೆಯೋ ಅಷ್ಟು ಸೇರುತ್ತೆ. ಎಸೆಯುವ ಮೊದಲೇ ಆ ಸಂಖ್ಯೆಯನ್ನು ಬರೆದುಕೊಂಡು, ಬಿದ್ದ ಪಿನ್‌ಗಳನ್ನು ಅದರಿಂದ ಗುಣಿಸುವುದು.

ನನ್ನ ಆಟದಲ್ಲಿ 7 ಮತ್ತು 3ಕ್ಕೆ 1. ಸ್ಪೇರ್ ಆದ್ದರಿಂದ ಮುಂದಿನ 8ಕ್ಕೆ 2, ಅಂದರೆ 16. ಆಮೇಲಿನ 1ಕ್ಕೆ 1. ಇಲ್ಲಿಗೆ 27. ಮೊದಲ ಸ್ಟ್ರೈಕಿಗೆ 1, ಎರಡನೇ ಸ್ಟ್ರೈಕಿಗೆ 2. ಐದನೇ ಫ್ರೇಮಿನ 9ಕ್ಕೆ 3, ಯಾಕೆಂದರೆ ಎರಡು ಸ್ಟ್ರೈಕೂ ಅದಕ್ಕೇ ಕಾಯುತ್ತಿದ್ದವು, ಒಂದೇ ಎಸೆತಕ್ಕೆ 27 ಅಂಕ. ಅದರ ನಂತರದ 1ಕ್ಕೆ 2, ಆಮೇಲೆ ಸ್ಪೇರಿನ ಬಾಕಿ ಇರುವ 6ಕ್ಕೆ 2. ಗುಣಕ ಯಾವತ್ತೂ 3 ದಾಟುವುದಿಲ್ಲ. ಹಿಂದಿನ ಎರಡು ಎಸೆತಕ್ಕಿಂತ ಹಳೆಯ ಬಾಕಿ ಉಳಿಯುವುದೇ ಇಲ್ಲವಲ್ಲ. ನಿಮ್ಮ ಕಾಗದದಲ್ಲಿ 4 ಬಂದರೆ ಎಲ್ಲೋ ಒಂದು ತೀರಿದ ಬಾಕಿಯನ್ನು ಹೊಡೆದು ಹಾಕಿಲ್ಲ ಅಂತ ಅರ್ಥ.

ಹತ್ತನೇ ಫ್ರೇಮಿಗೆ ಬಂದಾಗ ನಾನು ಮೊದಲ ಸಲ ಇದರಲ್ಲಿ ತಪ್ಪಿದೆ, ಒಟ್ಟು 198 ಬಂತು. ಸರಿಯಾಗಿ 10 ಜಾಸ್ತಿ. ಎಲ್ಲಿಂದ ಬಂತು ಅಂತ ತುಂಬ ಹೊತ್ತು ಹುಡುಕಿದೆ. ಹತ್ತನೇ ಸ್ಟ್ರೈಕಿಗೆ 2 ಸರಿ: ತನ್ನದು ಒಂದು, ಒಂಬತ್ತನೆಯದರ ಬಾಕಿ ಒಂದು. ಅದಾದ ಮೇಲಿನ 7ಕ್ಕೆ 3 ಮತ್ತು ಕೊನೆಯ 3ಕ್ಕೆ 2 ಅಂತ ಬರೆದಿದ್ದೆ, ಉಳಿದ ಆಟದಲ್ಲಿ ಬರೆದ ಹಾಗೆಯೇ. ಆದರೆ ಎಸೆತದ ಸ್ವಂತ 1 ಅನ್ನುವುದು ಅದರ ಫ್ರೇಮಿನ ಅಂಕ. ಹನ್ನೊಂದನೇ ಫ್ರೇಮ್ ಇಲ್ಲ. ಹಾಗಾಗಿ ಬೋನಸ್ ಎಸೆತಗಳಿಗೆ ಸ್ವಂತದ 1 ಇಲ್ಲ, ಬಾಕಿ ತೀರಿಸುವುದಷ್ಟೇ ಅವುಗಳ ಕೆಲಸ. 7ಕ್ಕೆ 2, ಕೊನೆಯ 3ಕ್ಕೆ 1. ಆ 10 ಪಿನ್‌ಗಳನ್ನು ಒಂದೊಂದು ಸಲ ಜಾಸ್ತಿ ಎಣಿಸಿದ್ದೆ, ಅಷ್ಟೇ. ತೆಗೆದರೆ 188.

ಈ ತಪ್ಪನ್ನು ಹಿಡಿಯೋಕೆ ಒಂದು ಪರೀಕ್ಷೆ ಇದೆ: ಹನ್ನೆರಡು ಸ್ಟ್ರೈಕಿನ ಪೂರ್ತಿ ಆಟವನ್ನು ನಿಮ್ಮ ಲೆಕ್ಕಕ್ಕೆ ಹಾಕಿ ನೋಡಿ. ಗುಣಕ 1, 2, ಆಮೇಲೆ ಎಂಟು ಸಲ 3, ಕೊನೆಗೆ 2, 1. ಎಲ್ಲ ಕೂಡಿದರೆ 30, ಹತ್ತರಿಂದ ಗುಣಿಸಿದರೆ 300. ಬೋನಸ್ ಎಸೆತಕ್ಕೂ ಸ್ವಂತ 1 ಕೊಟ್ಟರೆ 320 ಬರುತ್ತೆ, ಅಂಥ ಸ್ಕೋರ್ ಈ ಆಟದಲ್ಲಿ ಇಲ್ಲವೇ ಇಲ್ಲ.

ಈಗ ಆ ಸೋಲಿಗೆ ಬರೋಣ. ಹತ್ತನೇ ಸ್ಟ್ರೈಕ್ ಬಿದ್ದಾಗ ಬಾಕಿ ಲೆಕ್ಕದಲ್ಲಿ ನನ್ನದು 171 ಆಗಿತ್ತು. ಉಳಿದದ್ದು ಎರಡು ಎಸೆತ, ಮೊದಲನೆಯದಕ್ಕೆ ಎರಡರ ಬೆಲೆ, ಕೊನೆಯದಕ್ಕೆ ಒಂದರ ಬೆಲೆ. 9 ಬಿದ್ದು ಉಳಿದ 1 ಹೊಡೆದರೆ 171, 18, 1 ಸೇರಿ 190, ಅಂದರೆ ಸಮ. ಮತ್ತೊಂದು ಸ್ಟ್ರೈಕ್ ಬಿದ್ದಿದ್ದರೆ 191, ಕೊನೆಯ ಎಸೆತ ಖಾಲಿ ಹೋದರೂ ಗೆಲುವು ನನ್ನದೇ. 7 ಬಿದ್ದರೆ? ಹೆಚ್ಚೆಂದರೆ 188. ಆಟ ನಿಂತಿದ್ದು ಪೂರ್ತಿ ಆ ಮಧ್ಯದ ಎಸೆತದ ಮೇಲೆ, ಕೊನೆಯದರ ಮೇಲೆ ಅಲ್ಲ. ಒಂಬತ್ತು ಮತ್ತು ಹತ್ತು ಎರಡರಲ್ಲೂ ಸ್ಟ್ರೈಕ್ ಇದ್ದರೆ ಯಾವಾಗಲೂ ಹೀಗೇ. ಒಂಬತ್ತನೆಯದು ಸ್ಪೇರೋ, ಎರಡು ಎಸೆತಕ್ಕೂ ಪಿನ್ ಉಳಿದುಬಿಟ್ಟ ಓಪನ್ನೋ ಆಗಿದ್ದರೆ ಎರಡು ಬೋನಸ್ ಎಸೆತಕ್ಕೂ ಒಂದೊಂದೇ ಬೆಲೆ. ಇದನ್ನು ಮೊದಲ ರೀತಿಯಲ್ಲೂ ಕೂಡಿ ಕಂಡುಹಿಡಿಯಬಹುದು, ಆದರೆ ಚೆಂಡು ಕೈಯಲ್ಲಿ ಹಿಡಿದು ನಿಂತಾಗ ನನಗೆ ಆಗಲಿಲ್ಲ. ಬಾಕಿ ಲೆಕ್ಕದಲ್ಲಿ ಎಸೆತದ ಮೇಲೆ 2 ಅಂತ ಬರೆದೇ ಇರುತ್ತೆ.

ಬಾಕಿ ಲೆಕ್ಕದ ತೊಂದರೆ ಅಂದರೆ ಫ್ರೇಮಿಗೆ ಎಷ್ಟು ಬಂತು ಅಂತ ಕಾಣುವುದಿಲ್ಲ. ಎರಡು ಸ್ಟ್ರೈಕ್ ಆದಮೇಲೆ ನನ್ನ ಕಾಗದ 57 ಹೇಳುತ್ತೆ, ಪರದೆ 27 ಹೇಳುತ್ತೆ. ಮಧ್ಯದಲ್ಲಿ ತಪ್ಪಿದರೆ ಹೋಲಿಸಿ ಹಿಡಿಯೋದು ಕಷ್ಟ. ಬಾಕಿಯೇ ಇಲ್ಲದ ಓಪನ್ ಫ್ರೇಮ್ ಮುಗಿದಾಗ ಮಾತ್ರ ಎರಡೂ ಒಂದೇ ಆಗಬೇಕು. ನನ್ನ ಆಟದಲ್ಲಿ ಆರನೇ ಫ್ರೇಮಿನ ಕೊನೆಗೆ ಎರಡರಲ್ಲೂ 101, ಅಲ್ಲಿ ಒಮ್ಮೆ ತಾಳೆ ನೋಡಿಕೊಳ್ಳಬಹುದು.

ಮೂರನೆಯದು ಕರೆಂಟ್ ಫ್ರೇಮ್ ಸ್ಕೋರಿಂಗ್, ವರ್ಲ್ಡ್ ಬೌಲಿಂಗ್ ಸಂಸ್ಥೆ ಬಳಕೆಗೆ ತಂದದ್ದು. ಸ್ಟ್ರೈಕ್ ಬಿದ್ದರೆ ಆಗಲೇ 30. ಸ್ಪೇರ್ ಆದರೆ 10ಕ್ಕೆ ಅದೇ ಫ್ರೇಮಿನ ಮೊದಲ ಎಸೆತದ ಪಿನ್ ಸೇರುತ್ತೆ. ಮುಂದೆ ಏನು ಬಿದ್ದರೂ ಸಂಬಂಧ ಇಲ್ಲ, ಹತ್ತನೇ ಫ್ರೇಮಿನಲ್ಲಿ ಬೋನಸ್ ಎಸೆತವೂ ಇಲ್ಲ. ಹತ್ತು ಸ್ಟ್ರೈಕಿಗೇ 300. ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ, ಆಟ ನೋಡುವವರಿಗೂ ಯಾರು ಮುಂದಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತೆ.

ಅದೇ ಆಟವನ್ನು ಇದಕ್ಕೆ ಹಾಕಿದೆ. ನನ್ನ ಐದು ಸ್ಟ್ರೈಕಿಗೆ 150, ಮೂರು ಸ್ಪೇರಿಗೆ 17, 19, 18, ಎರಡು ಓಪನ್‌ಗೆ 9, 9. ಒಟ್ಟು 222. ಎದುರಾಳಿಯ ಐದು ಸ್ಟ್ರೈಕಿಗೂ 150, ಒಂದೇ ಸ್ಪೇರಿಗೆ 19, ನಾಲ್ಕು ಓಪನ್‌ಗೆ 35. ಒಟ್ಟು 204. 18 ಅಂಕದಿಂದ ನಾನೇ ಗೆದ್ದೆ! ಅದನ್ನು ನೋಡಿ ಒಂದು ಕ್ಷಣ ಖುಷಿಯೂ ಆಯಿತು.

ಆಮೇಲೆ ಎದುರಾಳಿಯ ಸಾಲನ್ನು ಮತ್ತೆ ನೋಡಿದೆ. ಐದು ಸ್ಟ್ರೈಕನ್ನು ಒಂದರ ಹಿಂದೆ ಒಂದು ಹೊಡೆದಿದ್ದಾರೆ, ಹಳೆಯ ನಿಯಮದಲ್ಲಿ ಅಷ್ಟಕ್ಕೇ 138 ಬಂದಿದೆ. ನನ್ನ ಐದು ಸ್ಟ್ರೈಕ್ ಚದುರಿದ್ದವು, ಅವಕ್ಕೆ ಸಿಕ್ಕಿದ್ದು 116. ಒಂದೇ ಗೆರೆಯಲ್ಲಿ ಐದು ಸಲ ಚೆಂಡು ಬಿಡುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ಹಳೆಯ ಲೆಕ್ಕ ಅದಕ್ಕೆ ಬೆಲೆ ಕೊಡುತ್ತೆ, ಹೊಸದು ಕೊಡುವುದಿಲ್ಲ. ಬದಲಿಗೆ ಹೊಸದು ಓಪನ್ ಬಿಡದೆ ಆಡುವವರ ಕಡೆ ವಾಲುತ್ತೆ. ಹಾಗಾಗಿ ಒಂದರ ಸ್ಕೋರನ್ನು ಇನ್ನೊಂದರ ಜೊತೆ ಹೋಲಿಸಲೇಬಾರದು. ಇದರಲ್ಲಿ ಸಿಕ್ಕ 222 ಅಂದರೆ ನಾನು 222ರ ಆಟಗಾರ ಅಂತ ಅಲ್ಲ.

ನನಗೆ ಹಳೆಯ ನಿಯಮವೇ ಬೇಕು. ಹೊಸದರಲ್ಲಿ ನನ್ನ ಹತ್ತನೇ ಸ್ಟ್ರೈಕ್ ಬಿದ್ದ ಕೂಡಲೇ ಆಟ ಮುಗಿದುಹೋಗುತ್ತಿತ್ತು, ಆ ಮಧ್ಯದ ಎಸೆತ ಇರುತ್ತಲೇ ಇರಲಿಲ್ಲ. ಈಗ ಎಂಟು ಫ್ರೇಮ್ ತನಕ ಪರದೆಯನ್ನೇ ನಂಬುತ್ತೇನೆ. ಒಂಬತ್ತನೆಯದರಿಂದ ಬಾಕಿ ಬರೆದುಕೊಳ್ಳುತ್ತೇನೆ, ಬೋನಸ್ ಎಸೆತದ ಮೇಲಿನ ಸಂಖ್ಯೆ ನೋಡಿಯೇ ಚೆಂಡು ಎತ್ತಿಕೊಳ್ಳುತ್ತೇನೆ.