ಭಾನುವಾರ ಹೋಗಿ ಸೂರ್ಯ ಆದ ಕಥೆ: ಚೀಟಿ ಓದುವ ಆ್ಯಪ್ ಜೊತೆ ಎರಡು ವರ್ಷ

ಫೋಟೊ ತೆಗೆದರೆ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತಿರುಗಿಸಿಕೊಡುವ ಆ್ಯಪ್ ಒಂದು ನನ್ನ ಫೋನಿನಲ್ಲಿ ಎರಡು ವರ್ಷದಿಂದ ಇದೆ. ಮಿಕ್ಸಿಯ ಗ್ಯಾರಂಟಿ ಕಾರ್ಡು, ವಿಮೆ ಕಂಪನಿಯ ಪತ್ರ, ಕೀಟನಾಶಕದ ಡಬ್ಬಿಯ ಹಿಂಬದಿ, ಹೀಗೆ ಅಚ್ಚಾದ ಅಕ್ಷರ ಏನಿದ್ದರೂ ಚೆನ್ನಾಗಿ ಓದುತ್ತದೆ. ಅದಕ್ಕೆ 5ಕ್ಕೆ 4 ಕೊಡುತ್ತೇನೆ. ಆದರೆ ನಾನು ಇದನ್ನು ಹಾಕಿಕೊಂಡಿದ್ದು ಅವ್ವನ ಡಾಕ್ಟರ್ ಚೀಟಿ ಓದಲಿಕ್ಕೆ. ಆ ಕೆಲಸಕ್ಕೆ ಎಷ್ಟು ಕೊಡಬೇಕು ಅನ್ನೋದು ಕೆಳಗಿನ ಕಥೆ ಓದಿದರೆ ನಿಮಗೇ ಗೊತ್ತಾಗುತ್ತದೆ.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅವ್ವ ಊರಲ್ಲಿ, ಪಾಂಡವಪುರದ ಹತ್ತಿರ, ತಮ್ಮನ ಜೊತೆ ಇದ್ದಾಳೆ. ಕನ್ನಡ ಚೆನ್ನಾಗಿ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗುತ್ತಿರಲಿಲ್ಲ, ಗಂಟುಗಳೆಲ್ಲ ಊದಿಕೊಳ್ಳುತ್ತಿದ್ದವು. ಮೈಸೂರಿಗೆ ಕರೆದುಕೊಂಡು ಬಂದು ಕೀಲಿನ ಡಾಕ್ಟರಿಗೆ ತೋರಿಸಿದೆವು. ರುಮಟಾಯ್ಡ್ ಅಂದರು. ಒಂದು ತಿಂಗಳಿಗೆ ಐದು ಥರ ಮಾತ್ರೆ ಬರೆದುಕೊಟ್ಟರು. ಅವತ್ತು ಶನಿವಾರ. ಆಸ್ಪತ್ರೆ ಪಕ್ಕದ ಮೆಡಿಕಲ್ಸಿನಲ್ಲಿ ಜನವೋ ಜನ. ಮಾತ್ರೆ ಕಟ್ಟಿ ಕೊಟ್ಟರು, ದುಡ್ಡು ಕೊಟ್ಟೆವು, ಅವ್ವ ಮತ್ತು ತಮ್ಮ ಬಸ್ಸು ಹತ್ತಿದರು. ಯಾವುದನ್ನು ಯಾವಾಗ ತಗೊಳ್ಳಬೇಕು ಅಂತ ಅಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ್ಯಪ್ ಇದೆಯಲ್ಲ ಅನ್ನುವ ಧೈರ್ಯ ನನಗೆ.

ರಾತ್ರಿ ಚೀಟಿಯ ಫೋಟೊ ಆ್ಯಪಿಗೆ ಕೊಟ್ಟೆ. ಬಂದ ಕನ್ನಡವನ್ನು ಹಾಗೇ ತಮ್ಮನ ವಾಟ್ಸಾಪಿಗೆ ಕಳಿಸಿದೆ. ಮೊದಲ ಸಾಲು ಹೀಗಿತ್ತು: "ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ, 1 ಮಾತ್ರೆ (ಸೂರ್ಯ)". ಎರಡನೆಯದು: "ಫೋಲಿಕ್ ಆಮ್ಲ 5 ಮಿ.ಗ್ರಾಂ, 1 ಮಾತ್ರೆ (ಮದುವೆಯಾಗು)".

ಅವ್ವ ಫೋನು ಮಾಡಿ ನಕ್ಕಿದ್ದೇ ನಕ್ಕಿದ್ದು. "ಈ ವಯಸ್ಸಲ್ಲಿ ಯಾರ್ ಮದ್ವೆ ಮಾಡ್ತೀಯಪ್ಪ?" ನಾನೂ ನಕ್ಕೆ. ಏನೋ ಎಡವಟ್ಟು ಆಗಿದೆ, ಅದನ್ನು ಬಿಡು ಅಂದೆ. ಆದರೆ ಸೂರ್ಯ ಅನ್ನುವ ಪದಕ್ಕೆ ಇಬ್ಬರೂ ನಗಲಿಲ್ಲ. ಅದಕ್ಕೊಂದು ಅರ್ಥ ಇದೆ ಅನ್ನಿಸಿಬಿಟ್ಟಿತ್ತು. ಹೊತ್ತು ಹುಟ್ಟುವಾಗ ತಗೊಳ್ಳೋ ಮಾತ್ರೆ ಇರಬೇಕು ಅಂತ ಅವ್ವ ತಾನೇ ಅರ್ಥ ಮಾಡಿಕೊಂಡಳು. ನಾನು ಹೂಂ ಅಂದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಒಂದು ನುಂಗಿದ್ದಾಳೆ. ಸಂಜೆ ಮತ್ತೆ ಫೋನು. "ಆ ಸೂರ್ಯನ ಮಾತ್ರೆ ನಾಕೇ ಕೊಟ್ಟವ್ರೆ ಕಣಪ್ಪ. ಗುರುವಾರಕ್ಕೆಲ್ಲ ಖಾಲಿಯಾಗೋಯ್ತದೆ." ದಿನಾ ತಗೊಳ್ಳೋ ಬೇರೆ ಮಾತ್ರೆ 30 ಇವೆ, ಇದು 4. ಅಂಗಡಿಯವರು ಕಮ್ಮಿ ಕೊಟ್ಟಿದ್ದಾರೆ ಅಂತಲೇ ನನ್ನ ಲೆಕ್ಕ. ಬೈಕೊಂಡೇ ನಮ್ಮ ರಸ್ತೆಯ ಮೆಡಿಕಲ್ ಸ್ಟೋರಿಗೆ ಹೋಗಿ, ಫೋನು ತೋರಿಸಿ, "ಇದು ಇನ್ನೂ 26 ಬೇಕು ಸರ್" ಅಂದೆ.

ಕೌಂಟರಿನಲ್ಲಿದ್ದ ಫಾರ್ಮಸಿಸ್ಟ್ ನನ್ನ ಕನ್ನಡ ಸಾಲುಗಳನ್ನು ನೋಡಲೇ ಇಲ್ಲ. ಅದನ್ನು ಪಕ್ಕಕ್ಕೆ ಸರಿಸಿ ಚೀಟಿಯ ಫೋಟೊ ದೊಡ್ಡದು ಮಾಡಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಯಾರಿಗೆ ಇದು? ಗಂಟು ನೋವಾ?" ಹೌದು ಅಂದೆ. "ಹಂಗಾದ್ರೆ 26 ಕೇಳ್ಬೇಡಿ. ಇದು ವಾರಕ್ಕೊಂದೇ. ಭಾನುವಾರ ಮಾತ್ರ."

ಬೆರಳಿಟ್ಟು ತೋರಿಸಿದರು. 1 ಅಂಕಿಯ ಪಕ್ಕ ಎರೆಹುಳದ ಥರ ಒಂದು ಗೀಟು ಇತ್ತು. ಅದು "ವೀಕ್ಲಿ" ಅನ್ನುವ ಇಂಗ್ಲಿಷ್ ಪದದ ಮೋಟು ರೂಪ. ಅದರ ಮುಂದೆ ಬ್ರಾಕೆಟಿನಲ್ಲಿ "ಸನ್", ಅಂದರೆ ಸಂಡೆ. ಫೋಲಿಕ್ ಆಸಿಡ್ ಮುಂದೆ "ವೆಡ್", ವೆನ್ಸ್‌ಡೇ. ಆ್ಯಪಿಗೆ ಗೀಟು ಅರ್ಥ ಆಗಲಿಲ್ಲ, ಅದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿದೆ. ವಾರದ ಹೆಸರುಗಳನ್ನು ಮಾತ್ರ ಪದಕ್ಕೆ ಪದ ಅನುವಾದ ಮಾಡಿದೆ. ಇಷ್ಟರಲ್ಲಿ ವಾರಕ್ಕೊಂದು ಮಾತ್ರೆ ದಿನಕ್ಕೊಂದಾಯಿತು.

ಏನಾಗುತ್ತಿತ್ತು ಅಂತ ಕೇಳಿದೆ. ಅವರು ಹೆದರಿಸಲಿಲ್ಲ, ಆದರೆ ಮುಚ್ಚಿಡಲೂ ಇಲ್ಲ. ಮೆಥೊಟ್ರೆಕ್ಸೇಟ್ ಜೀವಕೋಶ ಬೆಳೆಯುವುದನ್ನು ತಡೆಯುವ ಔಷಧಿ. ಕ್ಯಾನ್ಸರಿಗೂ ಕೊಡುತ್ತಾರೆ. ಕೀಲಿಗೆ ಅದನ್ನೇ ಸಣ್ಣ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡುತ್ತಾರೆ, ನಡುವಿನ ದಿನಗಳಲ್ಲಿ ಮೈ ಸುಧಾರಿಸಿಕೊಳ್ಳಲಿ ಅಂತ. ಅದು ತಡೆಯುವುದು ಫೋಲೇಟ್ ಅನ್ನುವ ಜೀವಸತ್ವದ ಕೆಲಸವನ್ನು. ಅದಕ್ಕೇ ಫೋಲಿಕ್ ಆಸಿಡ್ ಜೊತೆಗೆ, ಅದೂ ಬೇರೆ ದಿನ. ದಿನಾ ನುಂಗಿದರೆ ಮೊದಲು ಬಾಯಲ್ಲಿ ಹುಣ್ಣು, ಆಮೇಲೆ ರಕ್ತದ ಬಿಳಿ ಕಣ ಕುಸಿದು ಜ್ವರ, ಸೋಂಕು. ಹೀಗೆ ತಪ್ಪಿ ದಿನಾ ತಗೊಂಡು ಜೀವ ಹೋಗಿರುವುದೂ ಉಂಟು ಅಂದರು. ಕೌಂಟರಿನ ಗಾಜು ಹಿಡಿದುಕೊಂಡು ನಿಂತಿದ್ದೆ ನಾನು.

ಅಲ್ಲೇ ನಿಂತು ಅವ್ವನಿಗೆ ಫೋನು ಮಾಡಿದೆ. ಪುಣ್ಯ, ಅವತ್ತು ನಿಜಕ್ಕೂ ಭಾನುವಾರವೇ ಆಗಿತ್ತು. ನುಂಗಿದ್ದ ಒಂದು ಮಾತ್ರೆ ಸರಿಯಾದ ದಿನವೇ ಹೋಗಿತ್ತು. ಫಾರ್ಮಸಿಸ್ಟ್ ಫೋನು ಇಸಿದುಕೊಂಡು ತಾವೇ ಮಾತಾಡಿದರು. "ಅಮ್ಮ, ಇನ್ನೊಂದು ಯಾವತ್ತು ತಗೋತೀರಾ ಹೇಳಿ ನೋಡೋಣ." ಅವ್ವ "ಬರೋ ಭಾನ್ವಾರ" ಅಂದಮೇಲೇ ಬಿಟ್ಟಿದ್ದು. ಫೋಲಿಕ್ ಆಸಿಡ್ ವಿಷಯಕ್ಕೆ ಬಂದಾಗ ಇನ್ನೊಂದು ಬಯಲಾಯಿತು. "ಆಮ್ಲ" ಅಂತ ಓದಿ ಅವ್ವ ಆ ಸ್ಟ್ರಿಪ್ಪನ್ನೇ ಮಾಡದಲ್ಲಿ ಎತ್ತಿಟ್ಟಿದ್ದಳು. "ಆಸಿಡ್ಡು ಯಾರ್ ಕುಡಿದಾರು?" ಅಂತ ಅವಳ ಪ್ರಶ್ನೆ. ಅದು ವಿಟಮಿನ್ ಅಮ್ಮ, ಬುಧವಾರ ತಗೊಳ್ಳಿ ಅಂತ ಅವರು ಸಮಾಧಾನ ಮಾಡಿದರು.

ಇಲ್ಲಿಂದ ನಾನು ಕಲಿತಿದ್ದು ಆ್ಯಪ್ ಕೆಟ್ಟದ್ದು ಅಂತ ಅಲ್ಲ. ಔಷಧಿಯ ಹೆಸರನ್ನು ಅದು ಸರಿಯಾಗಿಯೇ ಓದಿತ್ತು. ಡಾಕ್ಟರು ಹೆಸರುಗಳನ್ನು ದೊಡ್ಡಕ್ಷರದಲ್ಲಿ ಬಿಡಿಬಿಡಿಯಾಗಿ ಬರೆದಿದ್ದರು. ಔಷಧಿಯ ಜೆನೆರಿಕ್ ಹೆಸರನ್ನು ಓದಲು ಬರುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಆದರೆ ಹೆಸರಿನ ಪಕ್ಕ ಬರುವ ಸಣ್ಣ ಗುರುತುಗಳು ಇವೆಯಲ್ಲ, ಅವು ಡಾಕ್ಟರು ಅಂಗಡಿಯವರಿಗೆ ಬರೆಯುವ ಗುಟ್ಟಿನ ಭಾಷೆ. ಅರ್ಧ ಲ್ಯಾಟಿನ್, ಅರ್ಧ ಇಂಗ್ಲಿಷ್. ಅದನ್ನು ಸಾಮಾನ್ಯ ಇಂಗ್ಲಿಷ್ ಅಂದುಕೊಂಡು ತಿರುಗಿಸಿದರೆ ಕೆಡುತ್ತದೆ. ಆಮೇಲಿನ ಚೀಟಿಗಳಲ್ಲಿ ಊಟಕ್ಕೆ ಮುಂಚೆ ಅನ್ನುವ "ಎಸಿ" ಹವಾನಿಯಂತ್ರಣ ಆಗಿದ್ದನ್ನೂ ನೋಡಿದೆ. ಇಂಥದ್ದು ನಗು ತರಿಸುತ್ತದೆ, ಹಾಗಾಗಿ ಅಪಾಯ ಕಮ್ಮಿ. ನಗು ಬರದ ತಪ್ಪೇ ಅಪಾಯ. ಸೂರ್ಯನ ಥರದ್ದು.

ಇನ್ನೊಂದು ಉದಾಹರಣೆ ಅದೇ ಚೀಟಿಯ ಕೊನೆ ಸಾಲಿನದು. ಪ್ಯಾರಾಸಿಟಮಾಲ್ 650ರ ಮುಂದೆ "ಎಸ್‌ಒಎಸ್" ಅಂತ ಇತ್ತು. ಚೀಟಿಯಲ್ಲಿ ಹಾಗೆಂದರೆ ಬೇಕಾದಾಗ ಮಾತ್ರ, ನೋವಿದ್ದರೆ ತಗೊಳ್ಳಿ ಅಂತ. ಆ್ಯಪ್ "ತುರ್ತು ಸಹಾಯ" ಅಂತ ಕೊಟ್ಟಿತ್ತು. ಅವ್ವ ಅದನ್ನು ಜೀವ ಹೋಗೋ ಟೈಮಿಗೆ ಇಟ್ಟಿರೋ ಮಾತ್ರೆ ಅಂದುಕೊಂಡು ಎರಡು ರಾತ್ರಿ ಕೈನೋವಿನಲ್ಲಿ ನಿದ್ದೆ ಇಲ್ಲದೆ ಹೊರಳಾಡಿದ್ದಾಳೆ. ಅರ್ಥ ಪೂರ್ತಿ ತಪ್ಪೂ ಅಲ್ಲ ನೋಡಿ, ಆದರೂ ಅದರಿಂದ ತೊಂದರೆ ಆಯಿತು.

ಈಗ ನಾನು ಮಾಡುವುದು ಇಷ್ಟೇ. ಆ್ಯಪಿನ ಉತ್ತರದಲ್ಲಿ ಔಷಧಿಯ ಹೆಸರು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸುತ್ತೇನೆ. ಹೆಸರನ್ನೂ ಸುಮ್ನೆ ನಂಬುವುದಿಲ್ಲ. ಚೀಟಿಯಲ್ಲಿ ನನ್ನ ಕಣ್ಣಿಗೇ ಅಕ್ಷರ ಅಕ್ಷರ ಕಾಣಬೇಕು, ಸ್ಟ್ರಿಪ್ಪಿನ ಮೇಲೆ ಬ್ರಾಂಡಿನ ಜೊತೆ ಇರುವ ಜೆನೆರಿಕ್ ಹೆಸರಿಗೆ ತಾಳೆ ಆಗಬೇಕು. ಎರಡೂ ಆದರೆ ಮಾತ್ರ ಓದಿದ ಲೆಕ್ಕ. ಒಂದು ಅಕ್ಷರ ಮಸುಕಾಗಿದ್ದರೂ "ಓದಕ್ಕಾಗಲಿಲ್ಲ, ಕೇಳಬೇಕು" ಅಂತ ಬರೆದುಕೊಳ್ಳುತ್ತೇನೆ. ಯಾಕಂದರೆ ಹೆಸರಿನಲ್ಲಿ ಅಕ್ಷರ ಗೊತ್ತಾಗದಿದ್ದಾಗ ಆ್ಯಪ್ ಆ ಗೀಟಿನ ಥರ ಬಿಟ್ಟುಬಿಡುವುದಿಲ್ಲ, ಹತ್ತಿರದ ಯಾವುದೋ ಪದ ತುಂಬಿಬಿಡುತ್ತದೆ. ಹೆಸರನ್ನು ಕನ್ನಡ ಮಾಡುವುದೂ ಇಲ್ಲ. ಫೋಲಿಕ್ ಆಸಿಡ್ ಅಂದರೆ ಫೋಲಿಕ್ ಆಸಿಡ್ಡೇ. ಅವ್ವನಿಗೆ ಬೇಕಿರುವುದು ಸ್ಟ್ರಿಪ್ಪಿನ ಮೇಲಿರುವ ಹೆಸರು, ಶುದ್ಧ ಕನ್ನಡ ಅಲ್ಲ.

ಎಷ್ಟು, ಯಾವಾಗ, ಎಷ್ಟು ದಿನ ಅನ್ನುವುದೆಲ್ಲ ಅಂಗಡಿಯಲ್ಲೇ, ಒರಿಜಿನಲ್ ಚೀಟಿ ಕೌಂಟರಿನ ಮೇಲಿಟ್ಟು ಕೇಳುತ್ತೇನೆ. ಜನ ಜಾಸ್ತಿ ಇದ್ದರೆ ಮಧ್ಯಾಹ್ನ ಮೂರರ ಸುಮಾರಿಗೆ ಹೋಗುತ್ತೇನೆ, ಆಗ ಅವರಿಗೂ ಪುರುಸೊತ್ತು. ಫಾರ್ಮಸಿಸ್ಟಿಗೇ ಅನುಮಾನ ಬಂದರೆ ಡಾಕ್ಟರಿಗೆ ಫೋನು ಮಾಡುತ್ತಾರೆ. ಒಮ್ಮೆ ಹಾಗೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ನನ್ನ ಕೈಲಿ, ಆ್ಯಪ್ ಕೈಲಿ ಆಗದ ಕೆಲಸ ಅದು.

ಮನೆಗೆ ಬಂದಮೇಲೆ ಮಾತ್ರೆ ಎಣಿಸುತ್ತೇನೆ. ತಿಂಗಳಿಗೆ ಬರೆದ ಮಾತ್ರೆ 30 ಇದ್ದರೆ ದಿನಕ್ಕೊಂದು, 60 ಇದ್ದರೆ ಎರಡು, 4 ಇದ್ದರೆ ವಾರಕ್ಕೊಂದು. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಲೆಕ್ಕ ಕೂಡಲಿಲ್ಲ ಅಂದರೆ ನುಂಗುವ ಮುಂಚೆ ವಾಪಸ್ ಹೋಗಿ ಕೇಳುವುದು. ಅವ್ವ ಅವತ್ತು ಮಾಡಿದ್ದು ಇದೇ ಲೆಕ್ಕ. ತಪ್ಪು ಅರ್ಥ ಮಾಡಿಕೊಂಡಿದ್ದು ನಾನು.

ಆ್ಯಪ್ ಮಾಡಿದವರಿಗೆ ಒಂದೇ ಕೋರಿಕೆ. ಓದಲಾಗದ ಜಾಗವನ್ನು ನುಂಗಿಹಾಕಬೇಡಿ. ಅಲ್ಲೊಂದು ಕೆಂಪು ಚೌಕ ಹಾಕಿ "ಇಲ್ಲಿ ಏನೋ ಬರೆದಿದೆ" ಅಂತ ತೋರಿಸಿ ಸಾಕು. ಅವತ್ತು ಆ ಗೀಟಿನ ಮೇಲೆ ಒಂದು ಚೌಕ ಇದ್ದಿದ್ದರೆ ನಾನು ಶನಿವಾರ ರಾತ್ರಿಯೇ ಅಂಗಡಿಗೆ ಓಡುತ್ತಿದ್ದೆ.

ಹೆಸರಿಗೆ 5ಕ್ಕೆ 3. ಹೊತ್ತು, ಪ್ರಮಾಣಕ್ಕೆ ಸೊನ್ನೆ. ಅವ್ವನ ಕೈ ಈಗ ಪರವಾಗಿಲ್ಲ, ಮುದ್ದೆ ತಾನೇ ತಿರುವುತ್ತಾಳೆ. ಫಾರ್ಮಸಿಸ್ಟ್ ಈಗ ಪ್ರತಿ ತಿಂಗಳೂ ಆ ನಾಲ್ಕು ಮಾತ್ರೆಯ ಪೇಪರ್ ಕವರಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ "ಭಾನುವಾರ" ಅಂತ ಕನ್ನಡದಲ್ಲೇ ಬರೆದುಕೊಡುತ್ತಾರೆ. ಅವ್ವ ಮಾತ್ರ ಅದನ್ನು ಇನ್ನೂ ಸೂರ್ಯನ ಮಾತ್ರೆ ಅಂತಲೇ ಕರೆಯುತ್ತಾಳೆ.